ಫೆಬ್ರವರಿ 30ಕ್ಕೆ ನೆನಪಿಸು

ನಮ್ಮ ಮನೆ ಓನರ್ ಆಂಟಿ 2024ರ ಮೇ 1ರ ಬೆಳಿಗ್ಗೆ ಬಾಗಿಲು ತಟ್ಟಿದಾಗ ನಾನು ಹಲ್ಲುಜ್ಜುತ್ತಿದ್ದೆ. ಅವರ ಕೈಯಲ್ಲಿ ಸ್ಟಾಂಪ್ ಪೇಪರ್ ಇತ್ತು.

"ಅಗ್ರಿಮೆಂಟ್ ನಿನ್ನೆಗೆ ಮುಗೀತಲ್ಲಪ್ಪಾ. ಸೈನ್ ಹಾಕಿಬಿಡು."

"ಆಂಟಿ, ನಾವು ಬಂದಿದ್ದು ಜೂನ್ ಒಂದಕ್ಕೆ. ಇನ್ನೂ ಒಂದು ತಿಂಗಳಿದೆ" ಅಂದೆ. ಬಾಯಲ್ಲಿ ನೊರೆ ಇತ್ತು, ಆದರೂ ದನಿಯಲ್ಲಿ ಧೈರ್ಯವಿತ್ತು. ಪ್ರತಿ ವರ್ಷ ಮೇ 31ಕ್ಕೆ ನೆನಪಿಸು ಅಂತ ಫೋನಿಗೆ ಹೇಳಿಟ್ಟಿದ್ದೆ. ಫೋನ್ ಇನ್ನೂ ಬಾಯಿ ಬಿಟ್ಟಿರಲಿಲ್ಲ.

"ಹನ್ನೊಂದು ತಿಂಗಳಪ್ಪಾ, ಹನ್ನೆರಡಲ್ಲ" ಅಂದರು ಆಂಟಿ.

ಬೆರಳು ಮಡಚಿ ಎಣಿಸಿದೆ. ಜೂನ್‌ನಿಂದ ಏಪ್ರಿಲ್‌ಗೆ ಹನ್ನೊಂದು. ಸರಿಯಾಗೇ ಇತ್ತು. ಹೊಸ ಬಾಡಿಗೆ ಆವತ್ತಿನಿಂದಲೇ ಶುರು. ಶೇಕಡಾ 5 ಜಾಸ್ತಿ, ಅಂದರೆ 18,000 ಇದ್ದದ್ದು 18,900. ಆದರೆ ನಾನು ಬ್ಯಾಂಕಿಗೆ ಪ್ರತಿ ಒಂದನೇ ತಾರೀಕು 18,000 ಕಳಿಸು ಅಂತ ಹೇಳಿಟ್ಟಿದ್ದೆನಲ್ಲ, ಅದು ನನಗಿಂತ ಬೇಗ ಎದ್ದು ಹಳೇ ಬಾಡಿಗೆಯನ್ನೇ ಕಳಿಸಿಯಾಗಿತ್ತು. ಬಾಯಿ ತೊಳೆದುಕೊಂಡು ಬಂದು 900 ರೂಪಾಯಿ ಬೇರೆ ಹಾಕಿದೆ.

ಅದ್ಯಾಕೆ ಹನ್ನೊಂದೇ ತಿಂಗಳು? ಸ್ಟಾಂಪ್ ಪೇಪರ್ ಟೈಪ್ ಮಾಡುವ ಅಂಗಡಿಯವರನ್ನು ಕೇಳಿದೆ. ಅವರು ಕೀಬೋರ್ಡಿನಿಂದ ಕಣ್ಣೆತ್ತದೆ ಹೇಳಿದರು: "ಒಂದು ವರ್ಷ ದಾಟಿದ್ರೆ ರಿಜಿಸ್ಟರ್ ಮಾಡಿಸ್ಬೇಕು ಸಾರ್. ಸಬ್ ರಿಜಿಸ್ಟ್ರಾರ್ ಆಫೀಸು, ಫೀಸು, ಇಬ್ಬರೂ ಹೋಗಿ ನಿಲ್ಲೋದು. ಯಾರಿಗೆ ಬೇಕು?" 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಅಂತೆ. ಬ್ರಿಟಿಷರ ಕಾಲದ ಆ ಒಂದು ಸಾಲಿನಿಂದ ತಪ್ಪಿಸಿಕೊಳ್ಳಲು ಇಡೀ ಊರು ವರ್ಷವನ್ನು ಒಂದು ತಿಂಗಳು ಕತ್ತರಿಸಿಕೊಂಡು ಬಾಳುತ್ತಿದೆ.

ಇದರಿಂದ ಓನರ್‌ಗಳಿಗೆ ಇನ್ನೊಂದು ಲಾಭವಿದೆ. ಬಾಡಿಗೆ ಏರುವುದೂ ಹನ್ನೊಂದು ತಿಂಗಳಿಗೊಮ್ಮೆ. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದರೆ ಹನ್ನೆರಡು ಕರಾರು ಮುಗಿದಿರುತ್ತವೆ. ನನ್ನ ಸಂಬಳ ಮಾತ್ರ ಇವತ್ತಿಗೂ ಹನ್ನೆರಡು ತಿಂಗಳ ಪಂಚಾಂಗವನ್ನೇ ನಂಬಿಕೊಂಡಿದೆ.

ಆವತ್ತೇ ಸಂಜೆ ಫೋನಿನ ಕ್ಯಾಲೆಂಡರ್ ತೆಗೆದೆ. 'ಪ್ರತಿ ವರ್ಷ' ಅನ್ನುವುದನ್ನು ಅಳಿಸಿದೆ. ಒಳಗೆಲ್ಲೋ ಬೇಕಾದಷ್ಟು ತಿಂಗಳಿಗೊಮ್ಮೆ ನೆನಪಿಸುವ ಸೌಕರ್ಯವೂ ಇತ್ತು. ಕರಾರು ಮುಗಿದದ್ದು ಏಪ್ರಿಲ್ 30. ಅಲ್ಲಿಂದ ಪ್ರತಿ 11 ತಿಂಗಳಿಗೊಮ್ಮೆ, ನಾಲ್ಕು ವಾರ ಮೊದಲೇ ಗಂಟೆ ಹೊಡಿ ಅಂತ ಕೂರಿಸಿದೆ. ಹೆಂಡತಿಗೆ ತೋರಿಸಿದೆ. "ಹೂಂ" ಅಂದಳು.

2025ರಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ಮಾರ್ಚ್ 30ರದ್ದನ್ನು ಮಾರ್ಚ್ ಶುರುವಿನಲ್ಲೇ ನೆನಪಿಸಿತು. ಬ್ಯಾಂಕಿನಲ್ಲಿ 18,900 ಇದ್ದದ್ದನ್ನು 19,845 ಮಾಡಿದೆ. ಆಂಟಿ ಬರುವ ಮೊದಲೇ ನಾನೇ ಕೆಳಗೆ ಹೋಗಿ "ಆಂಟಿ, ಅಗ್ರಿಮೆಂಟ್ ಮುಗೀತಾ ಬಂತು" ಅಂದೆ. ಅವರು ನನ್ನನ್ನು ಅನುಮಾನದಿಂದ ನೋಡಿದರು. ಬಾಡಿಗೆದಾರ ತಾನಾಗಿ ಬಂದು ಬಾಡಿಗೆ ಏರಿಸಿ ಅನ್ನುವುದನ್ನು ಅವರು ಕಂಡಿರಲಿಲ್ಲ. ಹೊಸ ಕರಾರು 2025ರ ಏಪ್ರಿಲ್ 1ರಿಂದ 2026ರ ಫೆಬ್ರವರಿ 28ರವರೆಗೆ.

ಅಷ್ಟರಲ್ಲಿ ಮಗಳ ಸ್ಕೂಲಿನ ಹತ್ತಿರ ಮನೆ ಸಿಕ್ಕಿತು. 2026ರ ಮಾರ್ಚ್ 1ಕ್ಕೆ ಹೋಗುವುದು ಅಂತಾಯಿತು. ಕರಾರು ಮುಗಿಯುವುದಕ್ಕೂ ನಾವು ಹೊರಡುವುದಕ್ಕೂ ಎಷ್ಟು ಚೆನ್ನಾಗಿ ತಾಳೆಯಾಯಿತು ಅಂತ ಬೀಗಿದೆ. ಆಂಟಿಗೆ ಹೇಳಬೇಕಿತ್ತು. ಹೇಳೋಣ, ಫೋನ್ ನೆನಪಿಸುತ್ತಲ್ಲ.

ಜನವರಿ ಕಳೆಯಿತು. ಫೋನ್ ಸುಮ್ಮನಿತ್ತು. ಫೆಬ್ರವರಿ 8ರಂದು ಹೆಂಡತಿ ರಟ್ಟಿನ ಡಬ್ಬಕ್ಕೆ ಪಾತ್ರೆ ತುಂಬುತ್ತಾ ಕೇಳಿದಳು.

"ರೀ, ಆಂಟಿಗೆ ಹೇಳಿದ್ರಾ?"

"ಫೋನ್ ಇನ್ನೂ ಏನೂ ಹೇಳಿಲ್ಲ."

ಅವಳು ಕುಕ್ಕರ್ ಕೆಳಗಿಟ್ಟಳು. ನಾನು ಕ್ಯಾಲೆಂಡರ್ ತೆಗೆದೆ. ಮುಂದಿನ ನೆನಪೋಲೆ 2027ರ ಜನವರಿ 30ಕ್ಕೆ ಅಂತ ಇತ್ತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಏಪ್ರಿಲ್ 30ಕ್ಕೆ ಹನ್ನೊಂದು ತಿಂಗಳು ಸೇರಿದರೆ ಮಾರ್ಚ್ 30. ಅದಕ್ಕೆ ಮತ್ತೆ ಹನ್ನೊಂದು ಸೇರಿದರೆ ಫೆಬ್ರವರಿ 30. ಅಂಥ ದಿನವೇ ಇಲ್ಲ. ನನ್ನ ಫೋನು ತಲೆ ಕೆಡಿಸಿಕೊಳ್ಳದೆ ಅದನ್ನು ದಾಟಿ ಮುಂದಕ್ಕೆ ಹೋಗಿಬಿಟ್ಟಿತ್ತು. ಕೆಲವು ಕ್ಯಾಲೆಂಡರುಗಳು ಇಂಥ ಕಡೆ ತಿಂಗಳ ಕೊನೆಯ ದಿನಕ್ಕೆ ಇಳಿಯುತ್ತವೆ, ಕೆಲವು ಹೀಗೆ ಹಾರುತ್ತವೆ. ನನ್ನದು ಹಾರುವ ಜಾತಿ.

ನಿಜ ಹೇಳಬೇಕೆಂದರೆ, ಅದು ಹಾರದಿದ್ದರೂ ನಾನು ಬಚಾವಾಗುತ್ತಿರಲಿಲ್ಲ. ಕರಾರಿನ ಮೂರನೇ ಹಾಳೆಯಲ್ಲಿ, ಗೀಸರ್ 1, ಫ್ಯಾನ್ 3 ಅನ್ನುವ ಪಟ್ಟಿಯ ಮೇಲೆ ಒಂದು ಸಾಲಿತ್ತು: ಮುಂದುವರಿಸುವುದಿಲ್ಲವೆಂದರೆ ಎರಡು ತಿಂಗಳು ಮೊದಲೇ ಬರಹದಲ್ಲಿ ತಿಳಿಸಬೇಕು. ಅಂದರೆ ಡಿಸೆಂಬರ್ 31ರ ಒಳಗೆ. ನಾನು ನೆನಪಿಗೆ ಹಾಕಿದ್ದು ಕರಾರು ಮುಗಿಯುವ ದಿನವನ್ನು. ಕಾಸು ಇದ್ದದ್ದು ನೋಟಿಸಿನ ದಿನದಲ್ಲಿ.

ಕೆಳಗೆ ಹೋದೆ. ಆಂಟಿ ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲ ಕೇಳಿಸಿಕೊಂಡು, "ಎರಡು ತಿಂಗಳು ಅಂದ್ರೆ ಏಪ್ರಿಲ್‌ವರೆಗೂ ಹೋಗುತ್ತೆ. ಆಗಲಿ, ಮಾರ್ಚ್ ಒಂದು ಕೊಟ್ಟುಬಿಡು" ಅಂದರು. ಮಾರ್ಚ್ ಅಂದರೆ ಹೊಸ ಬಾಡಿಗೆ: 20,837 ರೂಪಾಯಿ 25 ಪೈಸೆ. ಪೈಸೆ ಬಿಟ್ಟರು. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ವಾಡಿಕೆ. ಅದು ಯಾವ ತಿಂಗಳ ಬಾಡಿಗೆ ಅಂತ ಸ್ವಲ್ಪ ಹೊತ್ತು ಎಳೆದಾಡಿ 19,845ಕ್ಕೆ ನಿಲ್ಲಿಸಿದೆ. ಕೊಟ್ಟಿದ್ದ ಒಂದು ಲಕ್ಷ ಅಡ್ವಾನ್ಸ್‌ನಲ್ಲಿ ವಾಪಸ್ ಬಂದದ್ದು 59,318.

"ಆಂಟಿ, ನಿಮಗೆ ತಾರೀಕು ಹೇಗೆ ನೆನಪಿರುತ್ತೆ?" ಅಂತ ಕೇಳಿಯೇ ಬಿಟ್ಟೆ.

ಅವರು ಒಳಗೆ ಹೋಗಿ ಕರಾರಿನ ಜೆರಾಕ್ಸ್ ತಂದರು. ದೇವರ ಮನೆಯಲ್ಲಿಟ್ಟಿದ್ದರು ಅನಿಸುತ್ತೆ, ಮೂಲೆಯಲ್ಲಿ ಕುಂಕುಮ ಹತ್ತಿತ್ತು. ಹಿಂದೆ ಪೆನ್ಸಿಲ್‌ನಲ್ಲಿ ಗೀಟುಗಳು. ಬಾಡಿಗೆ ಬಂದಾಗಲೆಲ್ಲ ಒಂದು ಗೀಟು. "ಒಂಬತ್ತಾದ್ಮೇಲೆ ನೋಟಿಸು, ಹನ್ನೊಂದಾದ್ಮೇಲೆ ಪೇಪರು. ತಾರೀಕು ಯಾಕೆ ಬೇಕು?" ಅಂದರು. ಅವರ ಲೆಕ್ಕದಲ್ಲಿ ಫೆಬ್ರವರಿಗೆ ಎಷ್ಟು ದಿನ ಅನ್ನುವ ಪ್ರಶ್ನೆಯೇ ಇಲ್ಲ.

ನನಗೆ ಗೀಟು ಹಾಕುವಷ್ಟು ಶಿಸ್ತಿಲ್ಲ. ಹೊಸ ಮನೆಯ ಕರಾರು 2026ರ ಮಾರ್ಚ್ 1ರಿಂದ 2027ರ ಜನವರಿ 31ರವರೆಗೆ. ಈ ಸಲ ಮುಗಿಯುವ ದಿನವನ್ನು ಫೋನಿಗೆ ಕೊಡಲೇ ಇಲ್ಲ. ಹೊಸ ಬಾಡಿಗೆ ಶುರುವಾಗುವ 2027ರ ಫೆಬ್ರವರಿ 1 ಕೊಟ್ಟೆ, ಪ್ರತಿ 11 ತಿಂಗಳಿಗೊಮ್ಮೆ. ಒಂದನೇ ತಾರೀಕು ಇಲ್ಲದ ತಿಂಗಳನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ನೋಟಿಸಿಗೆ ಬೇರೆಯೇ ಒಂದು: ನವೆಂಬರ್ 20. ಕೊನೇ ದಿನಕ್ಕಿಂತ ಹತ್ತು ದಿನ ಮೊದಲು, ಮನೆಯಲ್ಲಿ ಇರೋಣವೋ ಹೋಗೋಣವೋ ಅಂತ ಜಗಳವಾಡಲು. ಬ್ಯಾಂಕಿಗೂ ಹನ್ನೊಂದೇ ಸಲ ಕಳಿಸು, ಆಮೇಲೆ ನಿಲ್ಲಿಸು ಅಂದಿದ್ದೇನೆ.

ಹೊಸ ಓನರ್ ಚಿಕ್ಕ ವಯಸ್ಸಿನವರು. ಸೈನ್ ಹಾಕಿದ ಮೇಲೆ ಫೋನ್ ತೆಗೆದು ಏನೋ ಒತ್ತಿದರು.

"ಬಾಡಿಗೆ ಏರಿಸೋದು ಮರೆತೇ ಹೋಗುತ್ತೆ ಸಾರ್. ಅದಕ್ಕೆ ಹಾಕ್ಕೊಂಡೆ. ಪ್ರತಿ ವರ್ಷ ಮಾರ್ಚ್ ಒಂದಕ್ಕೆ ನೆನಪಿಸುತ್ತೆ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ಗೋಡೆಯ ಬಣ್ಣ ನೋಡುತ್ತಿದ್ದಳು.

"ಒಳ್ಳೇದಾಯ್ತು ಸಾರ್" ಅಂದೆ.