ತಡವಾಗಿ ಬರುವವರಿಗೆ ಮೇಲ್ ಬರೆಯುವ ಮುನ್ನ

ನಮ್ಮದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ನಡೆಯುವ ಸಪೋರ್ಟ್ ಕೆಲಸ. ರಾತ್ರಿ ಪಾಳಿಯವರು ಬೆಳಗ್ಗೆ ಒಂಬತ್ತಕ್ಕೆ ಹಗಲಿನವರಿಗೆ ಹ್ಯಾಂಡೋವರ್ ಕೊಟ್ಟು 9:15ರ ಡ್ರಾಪ್ ಕ್ಯಾಬ್ ಹತ್ತಬೇಕು. ಕಳೆದ ವರ್ಷ, ಅಂದರೆ 2025ರ ಆಗಸ್ಟ್‌ನಲ್ಲಿ, ಹ್ಯಾಂಡೋವರ್ ತೆಗೆದುಕೊಳ್ಳಬೇಕಿದ್ದ ನಮ್ಮ ತಂಡದ ಹುಡುಗಿಯೊಬ್ಬಳು ಮತ್ತೆ ಮತ್ತೆ ತಡವಾಗಿ ಬರತೊಡಗಿದಳು. ಎರಡು ಸಲ ರಾತ್ರಿ ಪಾಳಿಯವರಿಗೆ ಕ್ಯಾಬ್ ತಪ್ಪಿತು. ಎರಡನೇ ಸಲ ತಪ್ಪಿದ ದಿನ ನಾನು ಸಿಟ್ಟಿನಲ್ಲೇ ಮೇಲ್ ಬರೆಯಲು ಕೂತೆ.

ಆ ಮೊದಲ ಕರಡು ಈಗಲೂ ನನ್ನ ಡ್ರಾಫ್ಟ್ ಫೋಲ್ಡರಿನಲ್ಲಿದೆ. 'ನೀವು ಯಾವಾಗಲೂ ತಡವಾಗಿ ಬರುತ್ತಿದ್ದೀರಿ' ಎಂದು ಶುರುವಾಗಿ, 'ಇದು ಅಭ್ಯಾಸವಾಗಿಬಿಟ್ಟಿದೆ' ಎಂದು ಮುಂದುವರಿಯುತ್ತದೆ. ಸಿಸಿಯಲ್ಲಿ ಎಚ್‌ಆರ್ ಇದ್ದರು. ಕಳಿಸುವ ಮೊದಲು ತಡೆದಿದ್ದು 'ಅಭ್ಯಾಸ' ಅನ್ನುವ ಆ ಒಂದು ಪದ. ಆಗ ಜಾರಿಯಲ್ಲಿದ್ದ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯ ಮಾದರಿ ನಿಯಮಗಳಲ್ಲಿ, ದುರ್ನಡತೆ ಎಂದು ಪಟ್ಟಿ ಮಾಡಿದ ಸಂಗತಿಗಳ ಪೈಕಿ 'ಹ್ಯಾಬಿಚುಯಲ್ ಲೇಟ್ ಅಟೆಂಡೆನ್ಸ್' ಕೂಡ ಒಂದಾಗಿತ್ತು. ನಮ್ಮ ಕಂಪನಿಯ ಎಚ್‌ಆರ್ ನಿಯಮದಲ್ಲೂ ಅದೇ ಮಾತಿದೆ. ಸಿಟ್ಟಿಗೆ ನಾನು ಬರೆದ ಪದ ನಾಳೆ ಅವಳ ಫೈಲಿನಲ್ಲಿ ಆರೋಪವಾಗಿ ಕೂರಬಹುದಿತ್ತು. ಕಾರಣವನ್ನೂ ಕೇಳದೆ ಅಷ್ಟು ದೊಡ್ಡ ಪದ ಬಳಸುವ ಹಕ್ಕು ನನಗಿರಲಿಲ್ಲ.

ಮಾರನೇ ದಿನ ಗೇಟಿನ ಸ್ವೈಪ್ ಲೆಕ್ಕ ತೆಗೆಸಿಕೊಂಡೆ. ಆಗಸ್ಟ್ 11ರಿಂದ 29ರವರೆಗೆ, ಸ್ವಾತಂತ್ರ್ಯ ದಿನ ಮತ್ತು ಗಣೇಶನ ಹಬ್ಬದ ರಜೆ ಕಳೆದು, 13 ಕೆಲಸದ ದಿನ. ತಡವಾಗಿದ್ದು ಆರು ದಿನ. ನನ್ನ ತಲೆಯಲ್ಲಿದ್ದ 'ಯಾವಾಗಲೂ' ಅಲ್ಲಿಗೇ ಬಿದ್ದುಹೋಯಿತು. ಉಳಿದ ಏಳು ದಿನ ಅವಳು 8:55ರಿಂದ 8:58ರೊಳಗೆ ಬಂದಿದ್ದಳು. ತಡವಾದ ಆರು ದಿನ 9:21ರಿಂದ 9:25ರೊಳಗೆ. 9:05, 9:10 ಅಂತ ಒಂದು ದಿನವೂ ಇಲ್ಲ. ಸೋಮಾರಿತನದಿಂದ ತಡವಾಗುವವರ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಎರಡು ಗುಂಪಾಗಿ ನಿಲ್ಲುವುದಿಲ್ಲ. ಐದು ನಿಮಿಷ, ಹನ್ನೆರಡು ನಿಮಿಷ, ನಲವತ್ತು ನಿಮಿಷ ಅಂತ ಚದುರಿರುತ್ತದೆ. ಇಲ್ಲಿ ಬೇರೇನೋ ಇದೆ ಅನ್ನಿಸಿತು. ಏನೆಂದು ಹೊಳೆಯಲಿಲ್ಲ.

ಹಾಗಾಗಿ ಅದನ್ನೇ ಮೇಲಿನಲ್ಲಿ ಕೇಳಿದೆ. ಆಫೀಸಿನ ಮೇಲ್‌ಗಳೆಲ್ಲ ಇಂಗ್ಲಿಷಿನಲ್ಲೇ ಹೋಗುತ್ತವೆ. ಆದರೆ ನಾವಿಬ್ಬರೂ ದಿನಾ ಮಾತಾಡುವುದು ಕನ್ನಡದಲ್ಲಿ. ಹಾಗೆ ಮಾತಾಡುವವಳಿಗೆ ಈ ವಿಷಯಕ್ಕೆ ಮಾತ್ರ ಇಂಗ್ಲಿಷಿನಲ್ಲಿ ಬರೆದರೆ ಅದು ನೋಟಿಸಿನಂತೆ ಕಾಣುತ್ತದೆ. ಕೊನೆಗೆ ಕಳಿಸಿದ್ದು ಇದು:

'ನಮಸ್ಕಾರ. ಆಗಸ್ಟ್ 11ರಿಂದ 29ರವರೆಗೆ ಆರು ದಿನ ನೀವು ಒಂಬತ್ತರ ಪಾಳಿಗೆ ತಡವಾಗಿ ಬಂದಿದ್ದೀರಿ: 13ರಂದು 9:22, 18ರಂದು 9:24, 20ರಂದು 9:21, 22ರಂದು 9:23, 25ರಂದು 9:25, 28ರಂದು 9:22. ಇದು ಗೇಟಿನ ಸ್ವೈಪ್ ಲೆಕ್ಕ. ತಪ್ಪಿದ್ದರೆ ತಿಳಿಸಿ.

ನೀವಾಗಲಿ ಬೇರೆ ಯಾರಾದರಾಗಲಿ ಹ್ಯಾಂಡೋವರ್ ತೆಗೆದುಕೊಳ್ಳುವವರೆಗೆ ರಾತ್ರಿ ಪಾಳಿಯವರು ಎದ್ದು ಹೋಗುವ ಹಾಗಿಲ್ಲ. ಇದರಿಂದ ಎರಡು ದಿನ ಅವರಿಗೆ 9:15ರ ಕ್ಯಾಬ್ ತಪ್ಪಿದೆ.

ಉಳಿದ ಏಳು ದಿನ ನೀವು ಒಂಬತ್ತಕ್ಕೆ ಮೊದಲೇ ಬಂದಿದ್ದೀರಿ. ತಡವಾದ ದಿನಗಳಲ್ಲಿ ಮಾತ್ರ ಪ್ರತಿಸಲವೂ ಇಪ್ಪತ್ತು ನಿಮಿಷ ದಾಟಿದೆ. ಯಾಕೆಂದು ನನಗೆ ಗೊತ್ತಾಗಲಿಲ್ಲ. ಮನೆಯ ವಿಷಯವಾದರೆ ವಿವರ ಬೇಡ, ಯಾವ ಸಮಯಕ್ಕೆ ಬರಲು ಸಾಧ್ಯ ಎಂದಷ್ಟೇ ಹೇಳಿದರೂ ಸಾಕು.

ಒಂಬತ್ತಕ್ಕೆ ಹ್ಯಾಂಡೋವರ್ ಆಗಲೇಬೇಕು, ಅದರಲ್ಲಿ ಬದಲಾವಣೆ ಇಲ್ಲ. ಅದನ್ನು ನೀವೇ ತೆಗೆದುಕೊಳ್ಳುವುದೋ, ಪಾಳಿ ಬದಲಿಸುವುದೋ, ಇವತ್ತು ನಾಲ್ಕಕ್ಕೆ ಕೂತು ಮಾತಾಡೋಣ. ಏನು ತೀರ್ಮಾನವಾಗುತ್ತದೋ ಅದನ್ನು ಸೆಪ್ಟೆಂಬರ್ 16ಕ್ಕೆ ಮತ್ತೊಮ್ಮೆ ನೋಡೋಣ. ಈ ಮೇಲ್ ನಿಮಗೊಬ್ಬರಿಗೇ ಕಳಿಸಿದ್ದೇನೆ.'

ಕ್ಯಾಬ್ ತಪ್ಪಿದವರು ಯಾರು, ನನ್ನ ಹತ್ತಿರ ದೂರು ಹೇಳಿದವರು ಯಾರು ಎಂದು ಬರೆಯಲಿಲ್ಲ. ಬರೆದಿದ್ದರೆ ಅವಳ ಗಮನವೆಲ್ಲ ಆ ಮನುಷ್ಯನ ಕಡೆ ಹೋಗುತ್ತಿತ್ತು. 'ಬೇರೆಯವರೆಲ್ಲ ಸರಿಯಾದ ಸಮಯಕ್ಕೆ ಬರುತ್ತಾರಲ್ಲ' ಅನ್ನುವ ಮಾತನ್ನೂ ಹೊಡೆದುಹಾಕಿದೆ. ಸಬ್ಜೆಕ್ಟ್ ಸಾಲಿನಲ್ಲಿ 'ಬೆಳಗಿನ ಹ್ಯಾಂಡೋವರ್ ಬಗ್ಗೆ' ಎಂದಷ್ಟೇ ಇತ್ತು. ನಮ್ಮಲ್ಲಿ ದಿನಕ್ಕೆ ನಾಲ್ಕು ಸಲ ಸ್ಕ್ರೀನ್ ಶೇರ್ ಮಾಡುತ್ತೇವೆ, ಹೊಸ ಮೇಲ್ ಬಂದರೆ ಸಬ್ಜೆಕ್ಟ್ ಮೂಲೆಯಲ್ಲಿ ಎಲ್ಲರಿಗೂ ಕಾಣುತ್ತದೆ. 'ತಡವಾಗಿ ಬರುವ ಬಗ್ಗೆ' ಎಂದು ಬರೆದಿದ್ದರೆ ಗುಟ್ಟಾಗಿ ಬರೆದೂ ಪ್ರಯೋಜನವಿರುತ್ತಿರಲಿಲ್ಲ. ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಕಳಿಸಿದೆ. ಶುಕ್ರವಾರ ಸಂಜೆ ಇಂಥ ಮೇಲ್ ಕಳಿಸುವ ಮ್ಯಾನೇಜರುಗಳನ್ನು ನಾನು ನೋಡಿದ್ದೇನೆ. ಓದಿದವರು ಎರಡು ದಿನ ಒಬ್ಬರೇ ಅದನ್ನು ಹೊತ್ತುಕೊಂಡು ಕೂರಬೇಕು. ದಯವಿಟ್ಟು ಹಾಗೆ ಮಾಡಬೇಡಿ.

ನಾಲ್ಕಕ್ಕೆ ಅವಳು ಬಂದಳು. ಕಣ್ಣು ಸ್ವಲ್ಪ ಕೆಂಪಾಗಿತ್ತು, ಆದರೆ ಕೈಯಲ್ಲಿ ಫೋನ್ ಹಿಡಿದು ಲೆಕ್ಕ ತೋರಿಸಲು ತಯಾರಾಗಿಯೇ ಬಂದಿದ್ದಳು.

"ಮೇಡಂ, ಅದು ಮೆಟ್ರೋ."

ಮನೆ ಕೋಣನಕುಂಟೆ ಕ್ರಾಸ್ ಹತ್ತಿರ. ಮೊದಲೆಲ್ಲ ಅವಳು ಬಸ್ಸಿನಲ್ಲಿ ಬರುತ್ತಿದ್ದಳು. ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಯಿತಲ್ಲ, ಹಸಿರು ಮಾರ್ಗದಲ್ಲಿ ಆರ್‌ವಿ ರಸ್ತೆಗೆ ಬಂದು ಅಲ್ಲಿ ಬದಲಿಸತೊಡಗಿದಳು. ಶುರುವಿನಲ್ಲಿ ಆ ಮಾರ್ಗಕ್ಕಿದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಮಗನ ಸ್ಕೂಲ್ ವ್ಯಾನ್ ಸರಿಯಾದ ಸಮಯಕ್ಕೆ ಬಂದ ದಿನ ಅವಳಿಗೆ ಬೇಕಾದ ರೈಲು ಸಿಗುತ್ತಿತ್ತು. ವ್ಯಾನ್ ಐದು ನಿಮಿಷ ತಡವಾದರೆ ಪ್ಲಾಟ್‌ಫಾರ್ಮಿಗೆ ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತಿತ್ತು. 8:57ಕ್ಕೆ 25 ಕೂಡಿಸಿದರೆ 9:22. ಸ್ವೈಪ್ ಲೆಕ್ಕ ಇಟ್ಟುಕೊಂಡು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ, ಒಂದೇ ನಿಮಿಷದಲ್ಲಿ ಬಿಡಿಸಿಟ್ಟಳು.

"ಮೊದಲೇ ಯಾಕೆ ಹೇಳಲಿಲ್ಲ?" ಅಂದೆ.

"ಮಗುವಿನ ವಿಷಯ ಹೇಳಿದ್ರೆ ನೆಪ ಅಂದ್ಕೋತೀರೇನೋ ಅಂತ."

ಈ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಆದರೂ ಅವಳ ತಪ್ಪನ್ನು ಹೇಳಲೇಬೇಕಿತ್ತು, ಹೇಳಿದೆ: ರೈಲು ತಪ್ಪಿದ ಕೂಡಲೇ ಒಂದು ಮೆಸೇಜ್ ಹಾಕಿದ್ದರೆ ಬೇರೆ ಯಾರಾದರೂ ಹ್ಯಾಂಡೋವರ್ ತೆಗೆದುಕೊಳ್ಳುತ್ತಿದ್ದರು, ಕ್ಯಾಬ್ ತಪ್ಪುತ್ತಿರಲಿಲ್ಲ. ಅವಳು ಒಪ್ಪಿಕೊಂಡಳು. ಬೊಮ್ಮಸಂದ್ರದಿಂದ ಬೈಕಿನಲ್ಲಿ ಬರುವ ಹುಡುಗನೊಬ್ಬ ಒಂಬತ್ತರ ಹ್ಯಾಂಡೋವರಿಗೆ ತಾನೇ ಮುಂದೆ ಬಂದ. ಸಂಜೆ ಬೇಗ ಬಿಡುಗಡೆ ಸಿಗುತ್ತದೆಂದು ಅವನಿಗೂ ಖುಷಿ. ಅವಳ ಪಾಳಿ ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆಯವರೆಗೆ ಎಂದಾಯಿತು. ಮಾತಾಡಿದ್ದನ್ನೆಲ್ಲ ಅವತ್ತೇ ಮೂರು ಸಾಲಿನ ಮೇಲಿನಲ್ಲಿ ಅವಳಿಗೆ ಕಳಿಸಿದೆ: ಹೊಸ ಸಮಯ, ತಡವಾದರೆ ಯಾರಿಗೆ ಮೆಸೇಜ್, ಮತ್ತೆ ನೋಡುವ ದಿನ. ಎರಡು ವಾರ ಕಳೆದ ಮೇಲೆ 'ಹಾಗಂದಿದ್ದೆ, ಹೀಗಂದಿದ್ದೆ' ಎಂಬ ಜಗಳ ಬರುವುದು ಇದನ್ನು ಬರೆದಿಡದಿದ್ದಾಗಲೇ.

ಎಲ್ಲ ಕಡೆ ಇಷ್ಟು ಸಲೀಸಾಗಿ ಆಗುವುದಿಲ್ಲ, ಒಪ್ಪುತ್ತೇನೆ. ಪಾಳಿ ಬದಲಿಸಿಕೊಳ್ಳಲು ಯಾರೂ ಸಿಗದಿದ್ದರೆ ಅವಳು ಒಂದು ರೈಲು ಮುಂಚೆಯೇ ಹೊರಡಬೇಕಾಗುತ್ತಿತ್ತು. ಅದೂ ಆಗದೆ ತಡವಾಗುವುದು ಮುಂದುವರಿದಿದ್ದರೆ ಮುಂದಿನ ಮೇಲಿನಲ್ಲಿ ಎಚ್‌ಆರ್ ಇರಲೇಬೇಕಿತ್ತು, ಅದನ್ನೂ ಅವಳಿಗೆ ಮುಂಚೆಯೇ ಹೇಳಿಯೇ ಕಳಿಸುತ್ತಿದ್ದೆ. ಮೊದಲ ಮೇಲಿನಲ್ಲೇ ಎಚ್‌ಆರ್ ಅನ್ನು ಕೂರಿಸಿಬಿಟ್ಟರೆ ಯಾರೂ ಸ್ಕೂಲ್ ವ್ಯಾನ್ ವಿಷಯ ಬಾಯಿಬಿಡುವುದಿಲ್ಲ. 'ಕ್ಷಮಿಸಿ, ಮುಂದೆ ಹೀಗಾಗದು' ಎಂಬ ಒಂದು ಸಾಲು ಬರುತ್ತದೆ, ಮುಂದಿನ ವಾರ ಅದೇ 9:22.

ಸೆಪ್ಟೆಂಬರ್ 16ರಂದು ಮತ್ತೆ ಲೆಕ್ಕ ನೋಡಿದೆವು. ಒಂದು ದಿನ ಮಾತ್ರ ತಡವಾಗಿತ್ತು, ಅವತ್ತು 8:40ಕ್ಕೇ ಅವಳ ಮೆಸೇಜ್ ಬಂದಿತ್ತು. ಅಷ್ಟರಲ್ಲಿ ಹಳದಿ ಮಾರ್ಗಕ್ಕೆ ನಾಲ್ಕನೇ ರೈಲು ಸೇರಿ ಅಂತರ 19 ನಿಮಿಷಕ್ಕೆ ಇಳಿದಿತ್ತು. "ಇನ್ನೊಂದು ರೈಲು ಬರಲಿ ಮೇಡಂ, ಹ್ಯಾಂಡೋವರ್ ನಾನೇ ವಾಪಸ್ ತಗೋತೀನಿ" ಅಂದಳು.