ಆಪ್ಷನ್ ವಹಿವಾಟಿನಲ್ಲಿ ಬಿಲ್ಲಿಗೆ ಬಾರದ ಖರ್ಚು: ಒಂದು ಸ್ಪಷ್ಟನೆ

ರಾಯಚೂರಿನ ಗುಂಪುಗಳಲ್ಲಿ ಹರಿದಾಡುತ್ತಿರುವ ಮಾತು: "ಎರಡು ರೂಪಾಯಿಯ ದೂರದ ಸ್ಟ್ರೈಕ್ ತಗೊಳ್ರಿ, ಬ್ರೋಕರೇಜ್ ಬಿಟ್ಟರೆ ಬೇರೆ ಖರ್ಚೇ ಇಲ್ಲ."

ಇದು ಸರಿಯಲ್ಲ. ಗಂಜ್ ಮಾರುಕಟ್ಟೆಯಲ್ಲಿ ಈಗಷ್ಟೇ ಕೊಂಡ ಹತ್ತಿಯನ್ನು ತಕ್ಷಣ ಮಾರಹೋದರೆ ಕಡಿಮೆ ದರ ಸಿಗುವಂತೆ, ಆಪ್ಷನ್‌ನಲ್ಲೂ ಕೊಳ್ಳುವವರು ಕೊಡಲು ಒಪ್ಪುವ ದರಕ್ಕೂ (ಬಿಡ್) ಮಾರುವವರು ಹೇಳುವ ದರಕ್ಕೂ (ಆಸ್ಕ್) ಅಂತರವಿರುತ್ತದೆ. ಆ ಅಂತರ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಒಂದು ಕಂಪನಿಯ ಷೇರಿನ ಆಪ್ಷನ್, ಲಾಟ್ 1,000 ಎಂದುಕೊಳ್ಳೋಣ. ದೂರದ ಸ್ಟ್ರೈಕ್‌ನಲ್ಲಿ ಬಿಡ್ 2.10, ಆಸ್ಕ್ 2.90 ಇದ್ದರೆ, 2,900 ರೂಪಾಯಿ ಕೊಟ್ಟು ಕೊಂಡದ್ದನ್ನು ಮರುಕ್ಷಣವೇ ಮಾರಿದರೂ ಕೈಗೆ ಬರುವುದು 2,100. ಷೇರಿನ ಬೆಲೆ ಕದಲದೆಯೇ ಶೇ 27ಕ್ಕಿಂತ ಹೆಚ್ಚು ಹೋಯಿತು. ಈಗಿನ ಬೆಲೆಗೆ ಹತ್ತಿರದ ಸ್ಟ್ರೈಕ್‌ನಲ್ಲಿ ಬಿಡ್ 24.80, ಆಸ್ಕ್ 25.10 ಇದ್ದರೆ ನಷ್ಟ 300 ರೂಪಾಯಿ, ಹಾಕಿದ ಹಣದ ಸುಮಾರು ಶೇ 1.2. ಹಾಕಬೇಕಾದ ಹಣ ಹೆಚ್ಚು, ನಿಜ. ಆದರೆ ಅಂತರಕ್ಕೆ ತೆರುವುದು ಕಡಿಮೆ.

ಪರದೆಯಲ್ಲಿ ಕಾಣುವ ಕೊನೆಯ ವಹಿವಾಟಿನ ಬೆಲೆಯನ್ನು ನಂಬಬೇಡಿ, ದೂರದ ಸ್ಟ್ರೈಕ್‌ನಲ್ಲಿ ಅದು ಗಂಟೆಗಳಷ್ಟು ಹಳೆಯದಾಗಿರಬಹುದು. ಮಾರ್ಕೆಟ್ ಡೆಪ್ತ್ ತೆರೆದು, ಎರಡೂ ಬದಿಯಲ್ಲಿ ನಿಮ್ಮ ಲಾಟ್‌ಗಿಂತ ಹಲವು ಪಟ್ಟು ಪ್ರಮಾಣ ಇದೆಯೇ ಎಂದು ನೋಡಿ. ನಿಫ್ಟಿಯ ಹತ್ತಿರದ ಸ್ಟ್ರೈಕ್‌ಗಳಲ್ಲಿ ಇದು ಸಾಮಾನ್ಯವಾಗಿ ಸಿಗುತ್ತದೆ; ಬಹಳಷ್ಟು ಷೇರುಗಳಲ್ಲಿ ಸಿಗುವುದಿಲ್ಲ. ಮಾರ್ಕೆಟ್ ಆರ್ಡರ್ ಬದಲು ಎರಡು ದರಗಳ ನಡುವೆ ಲಿಮಿಟ್ ಆರ್ಡರ್ ಹಾಕಿದರೆ ಅಂತರದ ಒಂದು ಭಾಗ ಉಳಿಯಬಹುದು, ಆದರೆ ಆರ್ಡರ್ ಪೂರ್ತಿಯಾಗುವ ಖಾತರಿಯಿಲ್ಲ. ನಷ್ಟ ಬೆಳೆಯುವಾಗ ತುರ್ತಾಗಿ ಹೊರಬರಬೇಕಾದವರಿಗೆ ಅದೂ ನೆರವಾಗದು, ಏಕೆಂದರೆ ಆಗಲೇ ಬಿಡ್‌ಗಳು ಹಿಂದೆ ಸರಿದು ಅಂತರ ಇನ್ನಷ್ಟು ಅಗಲವಾಗುತ್ತದೆ.