ಎರಡೇ ರೌಂಡ್ ಸರ್, ಒಂದೇ ವಾರ

ರಿಕ್ರೂಟರ್‌ಗಳು ಕಳಿಸುವ ಮೊದಲ ಮೆಸೇಜಿಗೆ ಒಂದು ಸನ್ಮಾನ ಆಗಲೇಬೇಕು. ಶಾಲು, ಹಾರ, ಫಲತಾಂಬೂಲ ಎಲ್ಲಾ ನನ್ನ ಖರ್ಚು. 'ಎರಡೇ ರೌಂಡ್ ಸರ್, ಒಂದೇ ವಾರದಲ್ಲಿ ಆಫರ್' ಎಂದು ಬರೆಯುವಾಗ ಕೈ ಚೂರೂ ನಡುಗುವುದಿಲ್ಲವಲ್ಲ, ಅದಕ್ಕೆ.

ಪುಣೆಯ ವಾಕಡ್‌ನಲ್ಲಿರುವ ನನ್ನ ಅಕ್ಕನ ಮಗನಿಗೂ ಇದೇ ಮೆಸೇಜ್ ಬಂತು. ಹುಬ್ಬಳ್ಳಿ ಹುಡುಗ, ಜನರ ಮಾತು ನಂಬುವ ಚಟ ಇನ್ನೂ ಬಿಟ್ಟಿಲ್ಲ. ಮೊದಲು ಅರ್ಧ ಗಂಟೆ ಫೋನ್. ಅದು ರೌಂಡ್ ಅಲ್ಲವಂತೆ, ಸ್ಕ್ರೀನಿಂಗ್. ಆಮೇಲೆ ತೊಂಬತ್ತು ನಿಮಿಷದ ಆನ್‌ಲೈನ್ ಟೆಸ್ಟ್. ಅದೂ ಅಲ್ಲ, ಫಾರ್ಮಾಲಿಟಿ. ನಂತರ ಎಲ್‌ಒನ್, ಎಲ್‌ಟೂ ಎಂಬ ಎರಡು ಟೆಕ್ನಿಕಲ್ ಆದವು. 'ಮಾಮಾ, ಮುಗೀತು' ಅಂತ ಫೋನ್ ಮಾಡಿದ. ಮುಗಿದಿರಲಿಲ್ಲ. ಮ್ಯಾನೇಜರ್ ಜೊತೆ 'ಸುಮ್ನೆ ಒಂದು ಡಿಸ್ಕಷನ್', ಕ್ಲೈಂಟ್ ಜೊತೆ ಒಂದು, ಕೊನೆಗೆ ಎಚ್‌ಆರ್. ಕ್ಲೈಂಟ್ ನ್ಯೂಜೆರ್ಸಿಯವರು. ಅವರಿಗೆ ಬೆಳಗ್ಗೆ ಹನ್ನೊಂದು ಆದಾಗ ಇವನಿಗೆ ರಾತ್ರಿ ಎಂಟೂವರೆ. ಅವರು ಎರಡು ಸಲ ದಿನ ಮುಂದೂಡಿದರು. ಇವನು ಎರಡು ಸಲವೂ ಇಸ್ತ್ರಿ ಶರ್ಟು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದ.

ರಿಕ್ರೂಟರ್ ಹೇಳಿದ್ದು ಸುಳ್ಳು ಅಂತ ಹಿಡಿಯೋಕೂ ಬರಲ್ಲ, ಅಲ್ವಾ? ಟೆಕ್ನಿಕಲ್ ಎರಡೇ ಇದ್ದವು. ಉಳಿದ ಐದನ್ನು ಅವರು ಎಣಿಸಲಿಲ್ಲ, ಅಷ್ಟೇ.

ಎಣಿಸದಿರುವುದಕ್ಕೆ ಕಾರಣ ಇದೆ. ಮೆಸೇಜ್ ಕಳಿಸಿದ್ದು ಕಂಪನಿ ಅಲ್ಲ, ಮಧ್ಯದ ಕನ್ಸಲ್ಟೆನ್ಸಿ. ಹುಡುಗ ಸೇರಿದರೆ ಮಾತ್ರ ಅವರಿಗೆ ದುಡ್ಡು. ಬಹಳ ಕಡೆ ಅದು ವರ್ಷದ ಸಂಬಳದ 8.33 ಶೇಕಡಾ, ಅಂದರೆ ಒಂದು ತಿಂಗಳ ಸಂಬಳ. ಏಳು ಹಂತ ಎಂದು ಮೊದಲೇ ಹೇಳಿದರೆ ಹುಡುಗ ಪಕ್ಕದ ಕಂಪನಿಗೆ ಹೋಗುತ್ತಾನೆ. ಎರಡು ಅಂದರೆ ಬರುತ್ತಾನೆ. ಅರ್ಧ ದೂರ ನಡೆದವನು ವಾಪಸ್ ಹೋಗುವುದಿಲ್ಲ ಎಂಬುದು ಅವರಿಗೆ ಗೊತ್ತು. ಇನ್ನೊಂದು ಮಾತು: ಎಷ್ಟು ರೌಂಡ್ ಅಂತ ಎಷ್ಟೋ ಸಲ ಪಾಪ ಅವರಿಗೂ ಗೊತ್ತಿರುವುದಿಲ್ಲ. ಒಳಗಿನ ಮ್ಯಾನೇಜರೇ ಇನ್ನೂ ತೀರ್ಮಾನ ಮಾಡಿರುವುದಿಲ್ಲ. ಧೈರ್ಯ ಸಾಲದೆ 'ಇನ್ನೊಬ್ಬರು ನೋಡಲಿ' ಅಂತ ಮುಂದಕ್ಕೆ ತಳ್ಳುತ್ತಾನೆ. ಈ ವಿಷಯ ಗೂಗಲ್ ಒಮ್ಮೆ ಲೆಕ್ಕ ಹಾಕಿತ್ತು. ತನ್ನದೇ ಹಳೆಯ ಸಂದರ್ಶನಗಳನ್ನು ತೆಗೆದು ನೋಡಿದಾಗ, ತೆಗೆದುಕೊಳ್ಳಬೇಕೋ ಬೇಡವೋ ಎಂಬುದು ನಾಲ್ಕು ಸಂದರ್ಶನಕ್ಕೇ 86 ಶೇಕಡಾ ಖಾತ್ರಿಯಾಗುತ್ತಿತ್ತು. ಐದನೆಯದರಿಂದ ಹೆಚ್ಚೇನೂ ಸಿಗುತ್ತಿರಲಿಲ್ಲ. ಪುಣೆಯ ಐಟಿ ಕಂಪನಿಗಳೆಲ್ಲ ತುಂಬಿರುವ ಹಿಂಜವಡಿಗೆ ಈ ಸುದ್ದಿ ಇನ್ನೂ ತಲುಪಿಲ್ಲ. ಆ ಟ್ರಾಫಿಕ್‌ನಲ್ಲಿ ತಲುಪುವುದೂ ಕಷ್ಟ.

ವಿಚಿತ್ರ ಅಂದರೆ, ಮುಂಚೆಯೇ ನಿಜ ಹೇಳುವ ಕಲೆಯಲ್ಲಿ ಪುಣೆಗೆ ಸಾಟಿ ಇಲ್ಲ. ಸದಾಶಿವ ಪೇಟೆಯ ಹಳೆಯ ಗಲ್ಲಿಗಳಲ್ಲಿ ಬೋರ್ಡ್ ಓದುತ್ತಾ ನಡೆದರೆ ಸಂಜೆ ಕಳೆದದ್ದೇ ತಿಳಿಯುವುದಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಬಂದ್. ಬೆಲ್ ಒಂದೇ ಸಲ ಒತ್ತಿ, ಒಳಗಿರುವವರಿಗೆ ಕಿವಿ ಇದೆ. ವಿಳಾಸ ಕೇಳಬೇಡಿ. ಇವನ್ನು ಪುಣೇರಿ ಪಾಟಿ ಅಂತಾರೆ. ಊರಿಂದ ಹೊಸದಾಗಿ ಬಂದ ನಮ್ಮವರು ಓದಿ ಮುಖ ಸಿಂಡರಿಸುತ್ತಾರೆ. ಆದರೆ ಬಂದ್ ಅಂದರೆ ಬಂದ್, ನಾಲ್ಕಕ್ಕೆ ಬಾಗಿಲು ತೆಗೆಯುತ್ತೆ. ಬಿಸಿಲಲ್ಲಿ ಯಾರೂ ಸುಮ್ನೆ ಕಾಯುವುದಿಲ್ಲ. ಆ ಅಂಗಡಿಯ ಅಜ್ಜನ ಕೈಗೆ ರಿಕ್ರೂಟ್‌ಮೆಂಟ್ ಕೊಟ್ಟರೆ ಹೀಗೆ ಬರೆಯುತ್ತಿದ್ದ: 'ಟೆಸ್ಟ್, ಕ್ಲೈಂಟ್, ಎಚ್‌ಆರ್ ಎಲ್ಲಾ ಸೇರಿ ಐದು ರೌಂಡ್. ಎರಡು ಟೆಕ್ನಿಕಲ್ ಒಂದೇ ಶನಿವಾರ. ಕ್ಲೈಂಟ್ ದಿನ ನಮ್ಮ ಕೈಲಿಲ್ಲ, ಎರಡು ವಾರ ಹಿಡಿಯಿರಿ. ಬಜೆಟ್ ಮಂಜೂರಾಗಿದೆ. ಬೇಡ ಅಂದರೂ ಮೂರು ದಿನದಲ್ಲಿ ತಿಳಿಸುತ್ತೇವೆ. ಮಧ್ಯೆ ಫೋನ್ ಮಾಡಬೇಡಿ.'

ಇಷ್ಟು ಬರೆಯೋಕೆ ಏನು ಕಷ್ಟ ರೀ? ನಗು ಸಾಕು. ಈ ಹುಡುಗನದು ತೊಂಬತ್ತು ದಿನದ ನೋಟಿಸ್. ಜೂನ್ ಒಂದಕ್ಕೆ ರಾಜೀನಾಮೆ ಕೊಟ್ಟರೆ ಬಿಡುಗಡೆ ಆಗಸ್ಟ್ ಕೊನೆಗೆ. ಆಫರ್ ಕೈಗೆ ಬಾರದೆ ರಾಜೀನಾಮೆ ಕೊಡೋಕಾಗಲ್ಲ. ಕೊಡದಿದ್ದರೆ 'ಬೇಗ ಸೇರುವವರು ಬೇಕಿತ್ತು' ಅಂತಾರೆ. ಒಂದು ವಾರ ಅಂತ ನಂಬಿ ಅವನು ಬೇರೆ ಕಂಪನಿಯ ಆಫರ್ ತಡೆಹಿಡಿದ. ಅದು ಹೋಯಿತು. ಅಮ್ಮನಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿ ಆಫೀಸಿನಲ್ಲಿ ರಜೆ ಹಾಕಿದ. ಸಂಬಳದ ಮಾತು, ಪೇಸ್ಲಿಪ್, ಫಾರ್ಮ್ 16 ಎಲ್ಲಾ ಆದ ಮೇಲೆ ಎಚ್‌ಆರ್ ಹೇಳಿದ್ದು ಒಂದೇ ಮಾತು, 'ಪೊಸಿಷನ್ ಹೋಲ್ಡ್‌ನಲ್ಲಿದೆ.' ಕ್ಲೈಂಟ್ ಇನ್ನೂ ದುಡ್ಡು ಮಂಜೂರು ಮಾಡಿರಲಿಲ್ಲವಂತೆ. ಅದು ಮೊದಲ ದಿನವೇ ಗೊತ್ತಿತ್ತಂತೆ!

ಈಗ ಅವನು ಮೊದಲ ಮೆಸೇಜಿಗೇ ತಿರುಗಿ ಬರೆಯುತ್ತಾನೆ: ಈ ಎರಡರಲ್ಲಿ ಟೆಸ್ಟ್, ಕ್ಲೈಂಟ್, ಎಚ್‌ಆರ್ ಸೇರಿವೆಯಾ? ಬಜೆಟ್ ಮಂಜೂರಾಗಿದೆಯಾ? ಕೊನೆಯ ಮಾತು ಯಾರದು? ಗೊತ್ತಿದ್ದವರು ಎರಡು ಸಾಲಲ್ಲಿ ಉತ್ತರ ಕೊಡುತ್ತಾರೆ. ಉಳಿದವರು 'ಅರ್ಜೆಂಟ್ ರಿಕ್ವೈರ್‌ಮೆಂಟ್ ಸರ್, ಸಿವಿ ಕಳಿಸಿ' ಅಂತಾರೆ. ಅವರಿಗೆ ಅವನು ಸಿವಿ ಕಳಿಸುವುದಿಲ್ಲ.